ಕುದಾಪುರದ ಬಯಲಿನಲ್ಲಿ ಹಸಿರು ಕಟ್ಟಡದ ಲೆಕ್ಕ

ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ಹಿಂದೆ ಬಿಟ್ಟು ನಾಯಕನಹಟ್ಟಿಯ ಕಡೆಗೆ ಹೊರಟರೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಕುರುಚಲು ಹುಲ್ಲು, ಅಲ್ಲಲ್ಲಿ ಕುರಿಮಂದೆ, ತಲೆಯ ಮೇಲೆ ನಿಗಿನಿಗಿ ಬಿಸಿಲು. ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಈ ಕಾವಲಿನಲ್ಲಿಯೇ, ಕುದಾಪುರದ ಬಳಿ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಬೆಳೆಯುತ್ತಿದೆ.

ಇಂಥ ಜಾಗದಲ್ಲಿ ನೂರು ಜನ ಕೆಲಸ ಮಾಡುವ ಒಂದು ಕಚೇರಿಯನ್ನು ಕಟ್ಟಿ, ಅದಕ್ಕೆ 'ಹಸಿರು ಕಟ್ಟಡ' ಎಂಬ ಪ್ರಮಾಣಪತ್ರ ಕೇಳಬೇಕೆಂದು ಊಹಿಸಿಕೊಳ್ಳಿ. ಅಮೆರಿಕದಲ್ಲಿ ಹುಟ್ಟಿದ 'ಲೀಡ್' ಎಂಬ ಪದ್ಧತಿಯಲ್ಲಿ ಹೈದರಾಬಾದಿನ ಸೊಹ್ರಾಬ್ಜಿ ಗೋದ್ರೆಜ್ ಕೇಂದ್ರ 2003ರಲ್ಲಿ ಪ್ಲಾಟಿನಂ ದರ್ಜೆ ಪಡೆದ ಮೇಲೆ ನಮ್ಮಲ್ಲಿಯೂ ಇದು ರೂಢಿಗೆ ಬಂದಿತು. ಕಟ್ಟಿದವರು ವಿದ್ಯುತ್ತು, ನೀರು, ಸಾಮಗ್ರಿ ಒಂದೊಂದಕ್ಕೂ ತಮಗೆಷ್ಟು ಅಂಕ ಸಲ್ಲಬೇಕೆಂದು ವಿವರಣೆ ಬರೆದು, ಆಧಾರ ಲಗತ್ತಿಸಬೇಕು. ಪರೀಕ್ಷೆಯ ಉತ್ತರಪತ್ರಿಕೆಯ ಹಾಗೆಯೇ, ಇಲ್ಲಿಯೂ ಹಂತ ತೋರಿಸದ ಉತ್ತರಕ್ಕೆ ಅಂಕವಿಲ್ಲ.

ವಿದ್ಯುತ್ತಿನ ಉಳಿತಾಯವನ್ನು ಒಂದು ಕಲ್ಪಿತ ಕಟ್ಟಡದೊಡನೆ ಹೋಲಿಸಿ ಅಳೆಯುತ್ತಾರೆ. ಅಷ್ಟೇ ವಿಸ್ತಾರದ ಸಾಧಾರಣ ಕಟ್ಟಡ ವರ್ಷಕ್ಕೆ ಎಷ್ಟು ಕರೆಂಟು ತಿನ್ನುತ್ತಿತ್ತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಅದಕ್ಕಿಂತ ಕಡಿಮೆಯಾದ ಶೇಕಡಾವಾರಿಗೆ ಅಂಕ ಕೊಡುತ್ತಾರೆ. ಇದರಲ್ಲೊಂದು ತಮಾಷೆ ಇದೆ. ಗಾಳಿ ಚೆನ್ನಾಗಿ ಬೀಸುವ ಈ ಬಯಲಿನಲ್ಲಿ ದಪ್ಪ ಗೋಡೆ ಕಟ್ಟಿ, ಕಿಟಕಿಗೆ ನೆರಳು ಮಾಡಿ, ಏರ್ ಕಂಡೀಷನರನ್ನೇ ಕೈಬಿಟ್ಟರೆ ಹೆಚ್ಚು ಅಂಕ ಬರಬೇಕಲ್ಲವೇ? ಈ ಲೆಕ್ಕದ ಹಳೆಯ ನಿಯಮದ ಪ್ರಕಾರ ಯಂತ್ರವಿಲ್ಲದ ಕಟ್ಟಡಕ್ಕೂ ಕಾಗದದ ಮೇಲೆ ಯಂತ್ರವನ್ನು ಹಾಕಿಯೇ ಎರಡೂ ಕಡೆ ಎಣಿಸಬೇಕು. ಯಂತ್ರ ಬಿಟ್ಟ ಉಳಿತಾಯ ಹೀಗೆ ಲೆಕ್ಕದಿಂದ ಜಾರಿ ಹೋಗುತ್ತದೆ. ಗೋಡೆ, ನೆರಳುಗಳ ಲಾಭ ಮಾತ್ರ ಉಳಿಯುತ್ತದೆ.

ಸಾಮಗ್ರಿಯ ವಿಷಯದಲ್ಲಿ 'ಸ್ಥಳೀಯ' ಎಂಬ ಮಾತಿಗೆ ಅರ್ಥ ಹುಡುಕಬೇಕು. ಲೀಡ್‌ನ ಹಳೆಯ ಆವೃತ್ತಿಗಳಲ್ಲಿ ಸುಮಾರು 800 ಕಿ.ಮೀ. ಒಳಗಿನದೆಲ್ಲ ಸ್ಥಳೀಯವೇ. ಕುದಾಪುರದಿಂದ ಅಷ್ಟು ದೂರದ ವೃತ್ತ ಎಳೆದರೆ ದಕ್ಷಿಣ ಭಾರತ ಬಹುಪಾಲು ಒಳಗೇ ಬಂದುಬಿಡುತ್ತದೆ! ಮುಂದಿನ ಆವೃತ್ತಿ ಅದನ್ನು 160 ಕಿ.ಮೀ.ಗೆ ಇಳಿಸಿತು. ಈಗ ತೋರಣಗಲ್ಲಿನ ಉಕ್ಕು ಒಳಗೆ, ಬೆಂಗಳೂರಿನ ಕಾರ್ಖಾನೆಯ ಸಾಮಾನು ಹೊರಗೆ. ಅಂಕ ಸಿಗುವುದು ತೂಕಕ್ಕಲ್ಲ, ಬೆಲೆಗೆ. ಒಂದು ಕೋಟಿ ರೂಪಾಯಿಯ ಸಾಮಗ್ರಿಯಲ್ಲಿ ಗೋಡೆಯೆಲ್ಲ ಊರಿನ ಕಲ್ಲು, ಮಣ್ಣಿನ ಇಟ್ಟಿಗೆಯದೇ ಆಗಿದ್ದು ಅದರ ಬೆಲೆ 8 ಲಕ್ಷವಾದರೆ, ಕಣ್ಣಿಗೆ ಕಾಣುವ ಕಟ್ಟಡವೆಲ್ಲ ಸ್ಥಳೀಯ, ಲೆಕ್ಕದಲ್ಲಿ ಮಾತ್ರ ನೂರಕ್ಕೆ ಎಂಟು. ಚಿತ್ರದುರ್ಗದ ಅಂಗಡಿಯ ರಸೀದಿ ಲಗತ್ತಿಸಿದರೂ ಸಾಲದು. ವಸ್ತು ಎಲ್ಲಿ ತಯಾರಾಯಿತು, ಅದರ ಕಚ್ಚಾವಸ್ತು ಎಲ್ಲಿ ಅಗೆದದ್ದು ಎಂಬುದಕ್ಕೆ ತಯಾರಕರ ಪತ್ರ ಬೇಕು. ಅಂಕ ಕೈತಪ್ಪುವುದು ಸಾಮಾನ್ಯವಾಗಿ ಇಲ್ಲಿಯೇ.

ನಿಜವಾದ ಪರೀಕ್ಷೆ ನೀರಿನದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಐದು ಕೆರೆ ಕಟ್ಟಿಸಿದರೆಂದು ಜನ ಇಂದಿಗೂ ನೆನೆಯುವ ಸೀಮೆ ಇದು. ನಮ್ಮ ಕಚೇರಿಯಲ್ಲಿ 50 ಗಂಡಸರು, 50 ಹೆಂಗಸರು. ಹೆಂಗಸರು ದಿನಕ್ಕೆ ಮೂರು ಸಲ, ಗಂಡಸರು ಒಂದು ಸಲ ಶೌಚಾಲಯ, ಎರಡು ಸಲ ಮೂತ್ರಾಲಯ ಬಳಸುತ್ತಾರೆಂಬುದು ನಿಯಮದ ಎಣಿಕೆ. ಒಂದು ಫ್ಲಶ್‌ಗೆ 6 ಲೀಟರು, ಮೂತ್ರಾಲಯಕ್ಕೆ 3.8 ಲೀಟರಿನಂತೆ ದಿನಕ್ಕೆ 1,580 ಲೀಟರು ಆಗುತ್ತದೆ. ಅರ್ಧ ಒತ್ತಿದರೆ 3 ಲೀಟರು ಬಿಡುವ ತೊಟ್ಟಿ, 1.9 ಲೀಟರಿನ ಮೂತ್ರಾಲಯ ಹಾಕಿ, ಹೆಂಗಸರು ಮೂರರಲ್ಲಿ ಎರಡು ಸಲ ಅರ್ಧವನ್ನೇ ಒತ್ತುವರೆಂದು ಹಿಡಿದರೆ 1,090 ಲೀಟರು. ಉಳಿತಾಯ ಶೇಕಡಾ 31.

ಇನ್ನು ಮಳೆನೀರು. ವರ್ಷಕ್ಕೆ 450 ಮಿ.ಮೀ. ಮಳೆ, 600 ಚದರ ಮೀಟರ್ ತಾರಸಿ. ಐದರಲ್ಲಿ ಒಂದು ಪಾಲು ಆವಿಯಾಗಿ, ಸೋರಿ ಹೋಯಿತೆಂದರೂ 2,16,000 ಲೀಟರು ಸಿಗುತ್ತದೆ. 260 ಕೆಲಸದ ದಿನಗಳ ಫ್ಲಶ್‌ಗೆ ಬೇಕಾದದ್ದು 2,83,400 ಲೀಟರು. ಮುಕ್ಕಾಲು ಪಾಲು ಆಕಾಶದಿಂದಲೇ ಬಂದಿತೆಂದು ಬರೆದುಬಿಡಬಹುದೇ? ಬರೆಯುವವರಿದ್ದಾರೆ. ಆದರೆ ಇಲ್ಲಿನ ಮಳೆ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಮ್ಮೆಗೇ ಸುರಿಯುವಂಥದ್ದು. ನೆಲದಡಿಯ ತೊಟ್ಟಿ 50,000 ಲೀಟರಿನದಾದರೆ ಅದು ತುಂಬಿ ಹರಿದು ಹೋಗುತ್ತದೆ. ಉಳಿದದ್ದು 46 ಕೆಲಸದ ದಿನಕ್ಕೆ ಸಾಕು. ದೀಪಾವಳಿಯ ಹೊತ್ತಿಗೆ ತುಂಬಿದ ತೊಟ್ಟಿ ಸಂಕ್ರಾಂತಿಯ ಆಚೀಚೆ ಬರಿದು. ಅಲ್ಲಿಂದ ಮುಂಗಾರಿನವರೆಗೆ ಕೊಳವೆಬಾವಿಯೇ ಗತಿ. ಆದ್ದರಿಂದ ವರ್ಷದ ಮೊತ್ತವನ್ನಲ್ಲ, ತಿಂಗಳು ತಿಂಗಳ ಆದಾಯ ಖರ್ಚನ್ನು ಕೋಷ್ಟಕದಲ್ಲಿ ತೋರಿಸಬೇಕು. ಮಳೆನೀರಿನ ಕೊಳವೆಗೊಂದು, ಕೊಳವೆಬಾವಿಗೊಂದು ಮೀಟರು ಕೂರಿಸಿದ್ದರೆ ಮಾರ್ಚಿ ತಿಂಗಳಲ್ಲಿ ಯಾವುದರ ಮುಳ್ಳು ತಿರುಗುತ್ತಿದೆ ಎಂದು ಯಾರು ಬೇಕಾದರೂ ಹೋಗಿ ನೋಡಬಹುದು.