ಮೇಲಿರುವುದನ್ನು ನೋಡು

ಕಳೆದ ಜನವರಿಯಲ್ಲಿ ಅಪ್ಪನ ಹರ್ನಿಯಾ ಆಪರೇಷನ್ ಒಂದು ವಾರ ಮುಂದೆ ಹೋಯಿತು. ಡಾಕ್ಟರದ್ದು ತಪ್ಪಲ್ಲ, ಆಸ್ಪತ್ರೆಯದ್ದೂ ಅಲ್ಲ. ನಾನು ಕಳಿಸಿದ್ದೇನೆ ಎಂದುಕೊಂಡ ಒಂದು ಫೋಟೊ ನನ್ನ ಫೋನಿನಿಂದ ಹೊರಗೆ ಹೋಗಿಯೇ ಇರಲಿಲ್ಲ. ಆದರೆ ಅದರ ಕೆಳಗೆ ಬರೆದ ಮಾತು ಹೋಗಿತ್ತು: ‘ಮೇಲಿರುವುದನ್ನು ನೋಡು. ಅದರಂತೆ ಕೊಡು.’

ಅಪ್ಪ ಇರುವುದು ಕುಂದಾಪುರದ ಹತ್ತಿರದ ನಮ್ಮ ಊರಿನಲ್ಲಿ, ತಮ್ಮನ ಜೊತೆ. ನಾನಿರುವುದು ಡೊಂಬಿವಲಿಯಲ್ಲಿ. ನನ್ನ ಆಫೀಸಿನ ವಿಮೆಯಲ್ಲಿ ಅಪ್ಪನ ಹೆಸರೂ ಇರುವುದರಿಂದ ಆಪರೇಷನ್ ಮುಂಬಯಿಯಲ್ಲೇ ಮಾಡಿಸುವುದೆಂದು ಠರಾಯಿಸಿದೆವು. ಅಪ್ಪನಿಗೆ ಕೆಲವು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ರಾತ್ರಿ ಕ್ಲೋಪಿಡೋಗ್ರೆಲ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ಮೈಯಲ್ಲಿದ್ದರೆ ಆಪರೇಷನ್ ಹೊತ್ತಿಗೆ ರಕ್ತ ಬೇಗ ನಿಲ್ಲುವುದಿಲ್ಲ. ಹೃದಯದ ಡಾಕ್ಟರನ್ನು ಕೇಳಿಕೊಂಡ ಮೇಲೆ ನಮ್ಮ ಸರ್ಜನ್ ಒಂದು ಚೀಟಿ ಬರೆದುಕೊಟ್ಟರು: ಈ ಒಂದು ಮಾತ್ರೆಯನ್ನು ಆಪರೇಷನ್ನಿಗೆ 5 ದಿನ ಮೊದಲು ನಿಲ್ಲಿಸಬೇಕು, ಉಳಿದವು ಹಾಗೆಯೇ ಇರಲಿ. ಯಾವ ಮಾತ್ರೆಯನ್ನು ಎಷ್ಟು ದಿನ ಬಿಡಬಹುದೆಂಬುದು ರೋಗಿಯಿಂದ ರೋಗಿಗೆ ಬೇರೆಯಾಗುತ್ತದೆ. ಆದ್ದರಿಂದ ಆ ಚೀಟಿಗೆ ಬೆಲೆಯಿತ್ತು.

ಆಪರೇಷನ್ ಮುಂದಿನ ಶುಕ್ರವಾರಕ್ಕೆ. ಶನಿವಾರ ರಾತ್ರಿಯ ಮಾತ್ರೆಯೇ ಕೊನೆಯದು, ಭಾನುವಾರದಿಂದ ಇಲ್ಲ. ನಾನು ಡಾಕ್ಟರನ್ನು ಕಂಡದ್ದು ಅದಕ್ಕೆ ಮೊದಲಿನ ಗುರುವಾರ ಸಂಜೆ. ಅವರು ಕೂರುವುದು ಆಸ್ಪತ್ರೆಯ ಬೇಸ್‌ಮೆಂಟಿನಲ್ಲಿ. ಹೊರಗೆ ಬಂದು ಕುರ್ಚಿಯ ಮೇಲೆ ಚೀಟಿಯಿಟ್ಟು ಫೋಟೊ ತೆಗೆದು ತಮ್ಮನಿಗೆ ವಾಟ್ಸಾಪ್ ಮಾಡಿದೆ. ಕೆಳಗೆ ಆ ಮಾತನ್ನು ಟೈಪ್ ಮಾಡಿದೆ. ಲಿಫ್ಟ್ ಹತ್ತಿ, ರಿಕ್ಷಾ ಹಿಡಿದು, ಸ್ಟೇಷನ್ನಿಗೆ ಓಡಿದೆ. ಲೋಕಲ್ಲಿನಲ್ಲಿ ಒಂದು ಕೈ ಬಿಡಿಸಿಕೊಂಡು ಫೋನ್ ನೋಡಿದಾಗ ಮಾತಿನ ಪಕ್ಕ ಎರಡು ನೀಲಿ ಗೀಟು ಬಿದ್ದಿದ್ದವು. ಕೆಳಗೆ ತಮ್ಮನ ಉತ್ತರ: ‘ಸರಿ ಅಣ್ಣ.’ ಫೋನು ಜೇಬಿಗೆ ಹೋಯಿತು, ಮನಸ್ಸೂ ಹಗುರವಾಯಿತು.

ಬುಧವಾರ ಸಂಜೆ ಅಪ್ಪ, ತಮ್ಮ ಇಬ್ಬರೂ ಕುಂದಾಪುರದಲ್ಲಿ ಮತ್ಸ್ಯಗಂಧ ಹತ್ತಿ ಗುರುವಾರ ಬೆಳಿಗ್ಗೆ ಕುರ್ಲಾ ಟರ್ಮಿನಸ್ಸಿನಲ್ಲಿ ಇಳಿದರು. ಮಧ್ಯಾಹ್ನ ಆಸ್ಪತ್ರೆಗೆ ಸೇರಿಸುವಾಗ ನರ್ಸ್ ವಾಡಿಕೆಯಂತೆ ಕೇಳಿದಳು, ರಕ್ತದ ಮಾತ್ರೆ ಕೊನೆಯ ಸಲ ಯಾವಾಗ ತೆಗೆದುಕೊಂಡದ್ದು? ನಾನು ಹಿಂದಿಯಿಂದ ಕನ್ನಡಕ್ಕೆ ತಿರುಗಿಸಿ ಅಪ್ಪನನ್ನು ಕೇಳಿದೆ. ಅಪ್ಪ ಹೆಮ್ಮೆಯಿಂದ ಹೇಳಿದರು, ‘ನಿನ್ನೆ ರಾತ್ರಿ, ರೈಲಲ್ಲೇ. ನೀ ಹೇಳಿದ್ ಹಾಂಗೇ, ಒಂದ್ ದಿನವೂ ಬಿಡ್ಲಿಲ್ಲ.’

ಸರ್ಜನ್ ಬಂದರು, ಕೇಳಿದರು, ಬೈಯಲಿಲ್ಲ. ಹರ್ನಿಯಾ ಈಗಲೇ ಮಾಡಬೇಕೆಂಬ ತುರ್ತು ಇಲ್ಲ, ಮುಂದಿನ ಶುಕ್ರವಾರ ಮಾಡೋಣ ಎಂದರು. ನಾನು ತಮ್ಮನ ಮೇಲೆ ಹರಿಹಾಯ್ದೆ. ಅವನು ಏನೂ ಮಾತಾಡದೆ ತನ್ನ ಫೋನ್ ತೆಗೆದು ನನ್ನ ಕೈಗಿಟ್ಟ.

ಆಸ್ಪತ್ರೆಯ ಬೆಂಚಿನ ಮೇಲೆ ಎರಡೂ ಫೋನುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ನನ್ನದರಲ್ಲಿ ಚೀಟಿಯ ಫೋಟೊ ಇತ್ತು. ಆದರೆ ಮಂಕಾಗಿತ್ತು, ಅದರ ಮೇಲೆ ಮೇಲ್ಮುಖದ ಒಂದು ಬಾಣ ಮತ್ತು Retry ಎಂಬ ಪದ. ಅದರ ಕೆಳಗೆ ನನ್ನ ಮಾತು, ನೀಲಿ ಗೀಟುಗಳು, ‘ಸರಿ ಅಣ್ಣ.’ ತಮ್ಮನ ಫೋನಿನಲ್ಲಿ ಚೀಟಿಯ ಜಾಗವೇ ಇರಲಿಲ್ಲ. ಅಲ್ಲಿ ನನ್ನ ಮಾತಿನ ಮೇಲಿದ್ದದ್ದು ಬುಧವಾರ ರಾತ್ರಿ ಅವನೇ ನನಗೆ ಕಳಿಸಿದ್ದ ಫೋಟೊ. ಡಾಕ್ಟರಿಗೆ ತೋರಿಸಲು ಬೇಕೆಂದು ನಾನು ಕೇಳಿದ್ದೆ. ಅಪ್ಪನ ಎಲ್ಲ ಮಾತ್ರೆಗಳ ಪಟ್ಟಿಯನ್ನು ಬೆಳಿಗ್ಗೆ, ರಾತ್ರಿ ಎಂದು ಅವನ ಕೈಯಲ್ಲೇ ಬರೆದದ್ದು. ಕ್ಲೋಪಿಡೋಗ್ರೆಲ್ ಅದರಲ್ಲಿ ಮೂರನೆಯದು.

‘ಡಾಕ್ಟ್ರು ಪಟ್ಟಿ ನೋಡಿ, ಹೀಗೇ ಕೊಡಿ ಅಂದಿದಾರೆ ಅಂತ ತಿಳ್ಕೊಂಡೆ’ ಎಂದ. ಆ ಫೋನನ್ನು ಕೈಯಲ್ಲಿ ಹಿಡಿದು ಓದಿದರೆ ನಾನಾದರೂ ಹಾಗೆಯೇ ತಿಳಿಯುತ್ತಿದ್ದೆ.

ಮೇಲೆ ಏನೂ ಇಲ್ಲದಿದ್ದರೆ ಅವನು ಖಂಡಿತ ಕೇಳುತ್ತಿದ್ದ. ‘ಏನಣ್ಣ, ಏನೂ ಬರ್ಲಿಲ್ಲ’ ಎಂದು ಒಂದು ಸಾಲು ಬರುತ್ತಿತ್ತು, ಕೆಲಸ ಸರಿಹೋಗುತ್ತಿತ್ತು. ಖಾಲಿ ಜಾಗ ಅಪಾಯವಲ್ಲ. ಆ ಜಾಗದಲ್ಲಿ, ಹೇಳಿದ ಮಾತಿಗೆ ಹೊಂದುವ ಇನ್ನೊಂದು ವಸ್ತು ಕೂತಿದ್ದರೆ ಅದೇ ಅಪಾಯ. ‘ಮೇಲೆ’ ಎಂಬುದು ನನ್ನ ಪರದೆಯ ಮೇಲೆ. ಅವನ ಪರದೆಯ ‘ಮೇಲೆ’ ಬೇರೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಫೋಟೊ ನಿಂತು ಮಾತು ಮಾತ್ರ ಹೋದದ್ದು ಹೇಗೆ? ಆ ವಾರ ಆಫೀಸಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಗೆಳೆಯ ಬಿಡಿಸಿ ಹೇಳಿದ. ಎರಡು ಸಾಲಿನ ಮಾತು ಬಹಳ ಪುಟ್ಟದು. ಫೋಟೊ ಎಷ್ಟೇ ಕುಗ್ಗಿಸಿದರೂ ಅದರ ನೂರಾರು ಪಟ್ಟು ದೊಡ್ಡದು. ಸಾಲದ್ದಕ್ಕೆ ಫೋಟೊ ಎರಡು ಹೆಜ್ಜೆಯಲ್ಲಿ ಹೋಗುತ್ತದೆ. ಮೊದಲು ಚಿತ್ರ ಪೂರ್ತಿಯಾಗಿ ಸರ್ವರಿಗೆ ಏರಬೇಕು. ಏರಿದ ಮೇಲೆ ‘ಚಿತ್ರ ಇಲ್ಲಿದೆ, ತೆಗೆದುಕೋ’ ಎಂಬ ಸಂದೇಶ ಆ ಕಡೆಯವರಿಗೆ ಹೋಗುತ್ತದೆ. ಮೊದಲ ಹೆಜ್ಜೆ ಮುಗಿಯದಿದ್ದರೆ ಎರಡನೆಯದು ಹುಟ್ಟುವುದೇ ಇಲ್ಲ. ಆದ್ದರಿಂದ ಆ ಕಡೆಯವರಿಗೆ ಏನೋ ಬರಬೇಕಿತ್ತು ಎಂಬ ಸುಳಿವೂ ಸಿಗುವುದಿಲ್ಲ. ಹಿಂದೆ ನಿಂತ ಮಾತಾದರೋ ಫೋಟೊಗಾಗಿ ಕಾಯುವುದಿಲ್ಲ. ದಾರಿ ಒಂದು ಕ್ಷಣ ತೆರೆದರೂ ಸಾಕು, ನುಸುಳಿಕೊಂಡು ಹೋಗುತ್ತದೆ. ನಮ್ಮ ಲೋಕಲ್ಲಿನ ಬಾಗಿಲಲ್ಲಿ ಬರಿಗೈಯವನು ಒಳಗೆ ತೂರಿ, ಟ್ರಂಕು ಹಿಡಿದವನು ಪ್ಲಾಟ್‌ಫಾರ್ಮಿನಲ್ಲೇ ಉಳಿಯುವ ಹಾಗೆ.

ಬೇಸ್‌ಮೆಂಟಿನಲ್ಲಿ ಇನ್ನೂ ಒಂದು ತೊಡಕಿದೆ. ಟವರಿನ ದನಿ ಜೋರು, ಫೋನಿನ ದನಿ ಸಣ್ಣದು. ಸಿಗ್ನಲ್ ಕ್ಷೀಣವಾದಲ್ಲಿ ಬರುವುದು ಬರುತ್ತಿರುತ್ತದೆ, ಹೋಗುವುದು ಮೊದಲು ನಿಲ್ಲುತ್ತದೆ. ಗುಂಪಿನ ಜೋಕುಗಳು ಟಣ್ ಟಣ್ ಎಂದು ಬಂದು ಬೀಳುತ್ತಿದ್ದುದರಿಂದ ನೆಟ್‌ವರ್ಕ್ ಇದೆ ಎಂದೇ ನಾನು ನಂಬಿದ್ದೆ. ನನ್ನ ಫೋಟೊ ಕೆಲವು ಸಲ ಪ್ರಯತ್ನಿಸಿ, ಸೋತು, ನನ್ನ ಬೆರಳಿಗಾಗಿ ಕಾಯುತ್ತ ಕೂತಿತ್ತು.

ನನ್ನನ್ನು ನಿಜವಾಗಿ ಮೋಸಗೊಳಿಸಿದ್ದು ಆ ನೀಲಿ ಗೀಟುಗಳು. ಅವು ಸುಳ್ಳು ಹೇಳಲಿಲ್ಲ, ನಾನು ತಪ್ಪು ಓದಿದೆ. ಪ್ರತಿ ಸಂದೇಶಕ್ಕೂ ಅದರದ್ದೇ ಗುರುತು. ಗಡಿಯಾರದ ಚಿಹ್ನೆಯಿದ್ದರೆ ಇನ್ನೂ ನಮ್ಮ ಫೋನಿನಲ್ಲೇ ಇದೆ, ಒಂದು ಗೀಟಾದರೆ ಸರ್ವರ್ ಮುಟ್ಟಿದೆ, ಎರಡಾದರೆ ಅವರ ಫೋನ್ ಮುಟ್ಟಿದೆ. ನೀಲಿಯಾದದ್ದು ನನ್ನ ಮಾತಿನ ಗೀಟು. ಫೋಟೊದ ಗುರುತನ್ನು ನೋಡಲು ಬೆರಳಿನಿಂದ ಸ್ವಲ್ಪ ಮೇಲಕ್ಕೆ ಸರಿಸಬೇಕಿತ್ತು. ಜನರ ನಡುವೆ ನಿಂತಿದ್ದ ನಾನು ಸರಿಸಲಿಲ್ಲ.

ಪಡೆಯುವವರಿಗೂ ಒಂದು ಗುರುತಿದೆ. ಮಸುಕಾದ ಚಿತ್ರ, ಅದರ ಮೇಲೆ ಕೆಳಮುಖದ ಬಾಣ ಕಂಡರೆ ಕಳಿಸಿದವರ ಕೆಲಸ ಮುಗಿದಿದೆ, ನಾವು ಇಳಿಸಿಕೊಳ್ಳಬೇಕಷ್ಟೆ. ಮಸುಕೂ ಇಲ್ಲ, ಬಾಣವೂ ಇಲ್ಲ, ‘ಇದನ್ನು ನೋಡಿ’ ಎಂಬ ಮಾತು ಮಾತ್ರ ಇದೆ ಎಂದರೆ ವಸ್ತು ಆ ಕಡೆಯಿಂದ ಹೊರಟೇ ಇಲ್ಲದಿರುವುದೇ ಹೆಚ್ಚು. ಆಗ ನಮ್ಮ ಫೋನನ್ನು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ. ಕಳಿಸಿದವರಿಗೇ ಹೇಳಬೇಕು.

ಆಪರೇಷನ್ನಿಗೆ ಕಾಯುತ್ತಿದ್ದ ಆ ವಾರ ಅಪ್ಪನನ್ನು ನೋಡಲು ಚಿಕ್ಕಪ್ಪ ಬಂದಿದ್ದರು. ಅವರು ಫೋರ್ಟಿನ ಒಂದು ಕಚೇರಿಯಲ್ಲಿ ಬಹಳ ವರ್ಷ ಡೆಸ್ಪ್ಯಾಚ್ ಗುಮಾಸ್ತರಾಗಿದ್ದವರು. ಕಥೆ ಕೇಳಿ ನಕ್ಕರು. ‘ನಮ್ಮ ಕಾಲದಲ್ಲಿ ಪತ್ರದ ಅಡಿಯಲ್ಲಿ ಎಡಗಡೆ ಲಗತ್ತು 2, ಲಗತ್ತು 3 ಅಂತ ಟೈಪ್ ಮಾಡಿರ್ತಿದ್ರು. ನಾನು ಕಾಗದ ಎಣಿಸದೆ ಲಕೋಟೆಗೆ ಅಂಟು ಹಚ್ತಿರ್ಲಿಲ್ಲ. ಪಡೆದವನೂ ಎಣಿಸ್ತಿದ್ದ. ಒಂದು ಕಮ್ಮಿಯಾದ್ರೆ ಅವತ್ತೇ ಪತ್ರ ಬರ್ತಿತ್ತು’ ಎಂದರು. ತಂತಿಯಲ್ಲಿ ಬರೀ ಮಾತು ಹೋಗುತ್ತಿದ್ದುದರಿಂದ ‘ಪತ್ರ ಹಿಂದಿನಿಂದ ಬರುತ್ತದೆ’ ಎಂದು ಸೇರಿಸುವುದಿತ್ತು, ಎಂದರು. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಇದರಲ್ಲಿ ಏನಿಲ್ಲ ಎಂಬುದನ್ನೂ ಹೇಳುವ ಆ ಪದ್ಧತಿಯೂ ಅದರ ಜೊತೆಗೇ ಹೋಯಿತೇನೋ.

ಚಿಕ್ಕಪ್ಪನ ಮಾತಿನಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಪತ್ರ ಮತ್ತು ಲಗತ್ತು ಒಂದೇ ಲಕೋಟೆಯಲ್ಲಿ ಹೋಗುತ್ತಿದ್ದವು. ನಾನು ಫೋನಿನಲ್ಲಿ ಮಾಡಿದ್ದು ಎರಡು ಲಕೋಟೆ. ಒಂದೇ ಪರದೆಯಲ್ಲಿ ಕಂಡದ್ದರಿಂದ ಒಂದೇ ಎಂದುಕೊಂಡೆ. ಈಗ ಹೇಳಬೇಕಾದ್ದನ್ನು ಫೋಟೊ ಆರಿಸಿದ ಕೂಡಲೇ ಅದರ ಅಡಿಯಲ್ಲಿ ಕಾಣುವ ಸಾಲಿನಲ್ಲೇ ಬರೆಯುತ್ತೇನೆ. ಆಗ ಮಾತು, ಚಿತ್ರ ಎರಡೂ ಒಂದೇ ಸಂದೇಶ. ಹೋದರೆ ಒಟ್ಟಿಗೆ, ನಿಂತರೆ ಒಟ್ಟಿಗೆ. ಇದರಲ್ಲೂ ಒಂದು ಕೊರತೆಯಿದೆ. ನಿಂತಾಗ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಮಾತ್ರೆಯಂಥ ವಿಷಯವಾದರೆ ‘ಮೇಲಿನದು’, ‘ಇದು’ ಎನ್ನದೆ ಹೆಸರು, ದಿನ ಹೇಳಿ ಬೇರೆ ಸಂದೇಶವನ್ನೂ ಬರೆಯುತ್ತೇನೆ. ಚಿತ್ರ ಸತ್ತರೂ ಆ ಮಾತು ತನ್ನ ಕಾಲ ಮೇಲೆ ನಿಲ್ಲಬೇಕು.

ಮುಂದಿನ ಶುಕ್ರವಾರ ಆಪರೇಷನ್ ಸರಿಯಾಗಿ ಆಯಿತು. ಶನಿವಾರ ರಾತ್ರಿಯ ನಂತರ ಮಾತ್ರೆಯ ಪಟ್ಟಿಯನ್ನು ನಾನೇ ಬೀರುವಿನಲ್ಲಿಟ್ಟಿದ್ದೆ. ಆಪರೇಷನ್ ಮುಗಿಸಿಕೊಂಡು ತಮ್ಮ ಊರಿಗೆ ಹೊರಟ, ಅಪ್ಪ ಇನ್ನು ಕೆಲವು ದಿನ ನಮ್ಮಲ್ಲೇ ಉಳಿದರು. ಕೊನೆಗೆ ಅವರನ್ನು ರೈಲು ಹತ್ತಿಸಿದ ಮೇಲೆ ಡಾಕ್ಟರ ಹೊಸ ಚೀಟಿಯ ಫೋಟೊ ಕಳಿಸಿ, ಜೊತೆಗೆ ಬರೆದೆ: ‘ಅಪ್ಪನ ಕ್ಲೋಪಿಡೋಗ್ರೆಲ್ ಮತ್ತೆ ಶುರುವಾಗಿದೆ. ದಿನಾ ರಾತ್ರಿ ಊಟದ ಮೇಲೆ ಒಂದು. ಚೀಟಿ 1 ಪುಟ.’

ಈ ಸಲ ತಮ್ಮ ‘ಸರಿ ಅಣ್ಣ’ ಎನ್ನಲಿಲ್ಲ. ‘ಕ್ಲೋಪಿಡೋಗ್ರೆಲ್ ರಾತ್ರಿ ಊಟದ ಮೇಲೆ ಒಂದು. ಚೀಟಿ 1 ಪುಟ ಬಂತು’ ಎಂದು ಬರೆದ. ಒಂದು ನಿಮಿಷ ಬಿಟ್ಟು ಇನ್ನೊಂದು ಬಂತು: ‘ಬೇಸ್‌ಮೆಂಟಿಂದ ಹೊರಗೆ ಬಂದಿದೀಯಲ್ಲ?’