ಕೂಡದ ತ್ರಿಭುಜ

ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ದಿನಗಳಲ್ಲಿ ನಾನು ಮಾಡಿದ ಒಂದು ತಪ್ಪು ಈಗಲೂ ನೆನಪಿಗೆ ಬರುತ್ತದೆ. ಒಂಬತ್ತನೆಯ ತರಗತಿಯ ಕಿರುಪರೀಕ್ಷೆಗೆ ಅವಸರದಲ್ಲಿ ಪ್ರಶ್ನೆ ಬರೆದಿದ್ದೆ: ಬಾಹುಗಳು 12, 7 ಮತ್ತು 3 ಸೆಂ.ಮೀ. ಇರುವ ತ್ರಿಭುಜದ ವಿಸ್ತೀರ್ಣವೆಷ್ಟು? ಹೆರಾನನ ಸೂತ್ರದಂತೆ ಸುತ್ತಳತೆಯ ಅರ್ಧ 11. ಅದರಿಂದ 12 ಕಳೆದರೆ ಋಣ ಒಂದು. ವರ್ಗಮೂಲದೊಳಗೆ ಋಣ 352 ಕುಳಿತುಬಿಡುತ್ತದೆ. ಹಲವರು ಆ ಋಣ ಚಿಹ್ನೆಯನ್ನು ಸದ್ದಿಲ್ಲದೆ ಬಿಟ್ಟು 18.76 ಎಂದು ಬರೆದರು. ನಾನೂ ಕಣ್ಣು ಮುಚ್ಚಿ ಅಂಕ ಕೊಟ್ಟೆ! ಒಬ್ಬ ಹುಡುಗಿ ಮಾತ್ರ ಉತ್ತರ ಬರೆಯದೆ ಚಿತ್ರವೊಂದನ್ನು ಬಿಡಿಸಿದ್ದಳು. ಅವಳಿಗೆ ಸೊನ್ನೆ ಹಾಕಿದ್ದೆ.

"ಸಾರ್, ಇದು ಕೂಡೋದೇ ಇಲ್ಲ" ಎಂದು ಅವಳು ಹಾಳೆ ತಂದು ತೋರಿಸಿದಳು. 12 ಸೆಂ.ಮೀ. ಗೆರೆಯ ಒಂದು ತುದಿಯಲ್ಲಿ ಕೈವಾರವಿಟ್ಟು 7ರ ಕಂಸ, ಇನ್ನೊಂದು ತುದಿಯಿಂದ 3ರ ಕಂಸ ಎಳೆದಿದ್ದಳು. ನಡುವೆ 2 ಸೆಂ.ಮೀ. ಬರಿದಾಗಿ ಉಳಿದಿತ್ತು.

ಮರುದಿನ ಜಿಲ್ಲೆಯ ಭೂಪಟವನ್ನು ತರಗತಿಗೆ ಒಯ್ದೆ. ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ ನೇರ ಗೆರೆಯ ದೂರ ಸುಮಾರು 39 ಕಿ.ಮೀ. ಹಾಸನವನ್ನು ಹಾದು ಹೋದರೆ ಸುಮಾರು 27 ಮತ್ತು 33, ಒಟ್ಟು 60. ಹೊಳೆನರಸೀಪುರದ ಮೇಲೆ ಹೋದರೆ ಸುಮಾರು 20 ಮತ್ತು 20.5, ಒಟ್ಟು 40.5. ಇದು ಹಕ್ಕಿ ಹಾರುವ ದೂರ, ಬಸ್ಸಿನ ದಾರಿಯಲ್ಲ. ಎರಡು ಊರುಗಳ ನಡುವೆ ನೇರ ಗೆರೆಯೇ ಅತಿ ಹತ್ತಿರದ ದಾರಿಯಾದ್ದರಿಂದ, ಮೂರನೆಯ ಊರಿನ ಮೇಲೆ ಬಳಸಿ ಹೋದ ದಾರಿ ಅದಕ್ಕಿಂತ ಕಡಿಮೆಯಾಗಲು ಸಾಧ್ಯವೇ ಇಲ್ಲ. ಆ ಊರು ಗೆರೆಯ ಮೇಲೆಯೇ ಇದ್ದರೆ ಮಾತ್ರ ಎರಡೂ ಸಮ. ಆಗ ತ್ರಿಭುಜ ಚಪ್ಪಟೆಯಾಗಿ ಬರಿಯ ಗೆರೆಯಾಗುತ್ತದೆ. ನನ್ನ ಪ್ರಶ್ನೆಯಲ್ಲಿ ಬಳಸು ದಾರಿ 10, ನೇರ ದಾರಿ 12!

ಇದರ ವಿಲೋಮವೂ ನಿಜ. ಅತಿ ಉದ್ದದ ಬಾಹುವಿಗಿಂತ ಉಳಿದೆರಡರ ಮೊತ್ತ ಹೆಚ್ಚಿದ್ದರೆ ಕಂಸಗಳು ಒಂದನ್ನೊಂದು ದಾಟಿ ಕತ್ತರಿಸಲೇಬೇಕು. ಹೀಗಾಗಿ ಮೂರು ಪರೀಕ್ಷೆ ಬೇಡ, ಅತಿ ಉದ್ದದ ಬಾಹುವಿಗೆ ಒಂದೇ ಸಾಕು.

ಭೂಪಟದಲ್ಲಿ ಅವಳೇ ಇನ್ನೊಂದನ್ನು ಕೇಳಿದಳು: "ಬರೀ ಒಂದೂವರೆ ಕಿಲೋಮೀಟರ್ ಹೆಚ್ಚು ಅಂದ್ರೆ ಹೊಳೆನರಸೀಪುರ ಗೆರೆ ಮೇಲೇ ಇದ್ದ ಹಾಗಲ್ವಾ ಸಾರ್?" ನನಗೂ ಹಾಗೆಯೇ ಅನ್ನಿಸಿತು. 2 ಕಿ.ಮೀ.ಗೆ ಒಂದು ಸೆಂ.ಮೀ. ಲೆಕ್ಕದಲ್ಲಿ ಕಂಸ ಎಳೆದು ನೋಡಿದೆವು. ಅವು ಗೆರೆಯಿಂದ ಎರಡೂವರೆ ಸೆಂ.ಮೀ.ಗೂ ಆಚೆ ಕೂಡಿದವು. ಅಂದರೆ ಊರು ಗೆರೆಯ ದಕ್ಷಿಣಕ್ಕೆ ಐದು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಬಳಸು ದಾರಿ ತುಸುವೇ ಹೆಚ್ಚಿದರೂ ಶೃಂಗ ಗೆರೆಯಿಂದ ಬಹಳವೇ ಸರಿಯುತ್ತದೆ. ಅಳತೆಯಲ್ಲಿ ಅರ್ಧ ಕಿಲೋಮೀಟರ್ ತಪ್ಪಿದರೂ ಇಂಥ ಚಪ್ಪಟೆ ತ್ರಿಭುಜದ ಎತ್ತರ ಎದ್ದುಕಾಣುವಷ್ಟು ಬದಲಾಗುತ್ತದೆ.

ಆ ಹುಡುಗಿಗೆ ಪೂರ್ಣ ಅಂಕ ಕೊಟ್ಟೆ. 18.76 ಎಂದು ಬರೆದವರ ಅಂಕವನ್ನು ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ, ಪ್ರಶ್ನೆ ನನ್ನದೇ ತಾನೆ!