ಎಡಪುಟ ಹೊಲದ್ದು, ಬಲಪುಟ ಮನೆಯದು

ನಮ್ಮೂರು ಆಳಂದ ತಾಲ್ಲೂಕಿನ ಹಿರೋಳ್ಳಿ. ನಾವು ಮಳೆ ನಂಬಿ ತೊಗರಿ ಬೆಳೆಯುವವರು. ನಮಗಿರುವುದು ನಾಲ್ಕು ಎಕರೆ ಹೊಲ. ಮುಂಗಾರಿನಲ್ಲಿ ಬಿತ್ತಿದ ತೊಗರಿ ರಾಶಿಯಾಗಿ ದುಡ್ಡು ಕೈಗೆ ಬರಬೇಕಾದರೆ ಜನವರಿ ಆಗುತ್ತದೆ. ದಿನದ ಸಂತೆ ಖರ್ಚು ಎಮ್ಮೆಯ ಹಾಲಿನಿಂದ ನಡೆಯುತ್ತದೆ. ಗೊಬ್ಬರ, ಕೂಲಿ, ಶಾಲೆಯ ಫೀ, ಆಸ್ಪತ್ರೆ ಇವಕ್ಕೆಲ್ಲ ಆಡತ್ ಅಂಗಡಿಯ ಸಾಲವೇ ಗತಿ. ರಾಶಿಯಾದ ಮೇಲೆ ಅದೇ ಅಂಗಡಿಗೆ ತೊಗರಿ ಹಾಕುತ್ತೇವೆ. ಅವರು ಸಾಲ, ಬಡ್ಡಿ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ.

ಕಳೆದ ಸಲ ಅಪ್ಪನ ಕೈಗೆ ಉಳಿದದ್ದು 6,000 ರೂಪಾಯಿ.

"ಹೊಲದಾಗ ಏನೂ ಉಳಿಯಂಗಿಲ್ಲ. ಲಾವಣಿಗಿ ಕೊಟ್ಟು ಪುಣೆಕ್ಕ ದುಡಿಲಾಕ ಹೋಗಮು" ಎಂದರು ಅಪ್ಪ. ಎಕರೆಗೆ 8,000 ರೂಪಾಯಿಯಂತೆ ವರ್ಷಕ್ಕೆ 32,000 ಕೊಡಲು ಒಬ್ಬರು ತಯಾರಿದ್ದರು. ಪುಣೆಗೆ ಹೋದರೆ ನನ್ನ ಶಾಲೆಯೂ ಬಿಡಬೇಕಾಗುತ್ತಿತ್ತು.

ಮುತ್ಯಾ ಮಾತ್ರ, "ಮೊದಲ ಬುಕ್ ತಗಿಯವಾ" ಎಂದು ನನ್ನ ಕಡೆ ತಿರುಗಿದರು.

ಬಿತ್ತನೆಯ ದಿನದಿಂದ ಮುತ್ಯಾ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಎಡಪುಟ ಹೊಲದ್ದು, ಬಲಪುಟ ಮನೆಯದು. ಒಂದು ಸಾಲಿನಲ್ಲಿ ತಾರೀಖು, ಯಾವುದಕ್ಕೆ, ಎಷ್ಟು, ನಗದೋ ಉದ್ರಿಯೋ, ಇಷ್ಟೇ. ಉದ್ರಿ ತಂದರೆ ಸಾಮಾನು ತಂದ ದಿನವೇ ಬರೆಯಬೇಕು. ಉದ್ರಿ ತೀರಿಸಿದ ದಿನ ಅದನ್ನು ಮತ್ತೆ ಖರ್ಚು ಎಂದು ಬರೆಯಬಾರದು. ಬರೆದರೆ ಒಂದೇ ಗೊಬ್ಬರದ ಚೀಲಕ್ಕೆ ಎರಡು ಸಲ ಲೆಕ್ಕವಾಗುತ್ತದೆ. ಸಾಲದ ದುಡ್ಡು ಆದಾಯವಲ್ಲ, ಹಿಂದಿರುಗಿಸಿದ ಅಸಲು ಖರ್ಚಲ್ಲ. ಅದಕ್ಕೆ ಕೊನೆಯ ಪುಟ ಬೇರೆ ಇತ್ತು. ಬಡ್ಡಿ ಮಾತ್ರ ಖರ್ಚು.

ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬ ಅನುಮಾನ ಬಂದಾಗ ಮುತ್ಯಾ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈ ಖರ್ಚ ಮಾಡಲಿಲ್ಲಂದ್ರ ಬೆಳಿ ಕಮ್ಮಿ ಆಗ್ತದೇನು?" ಕಳೆ ತೆಗೆಯಲು ಬಂದವರಿಗೆ ಕೊಟ್ಟ ಕೂಲಿ ಮತ್ತು ಚಹಾ ಹೊಲದ್ದು. ಆದರೆ ಎಳ್ಳಾಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬೀಗರ ಜೊತೆ ಸಜ್ಜೆ ರೊಟ್ಟಿ, ಭಜ್ಜಿ ಉಂಡ ಖರ್ಚು? ಉಂಡದ್ದು ಹೊಲದಲ್ಲಿ, ಬರೆದದ್ದು ಮನೆಯ ಪುಟದಲ್ಲಿ!

ಅಂದು ಎಲ್ಲ ಕೂಡಿಸಿದೆವು. ಉಳುಮೆ, ಬೀಜ, ಗೊಬ್ಬರ, ಕಳೆ, ಕಾಯಿಕೊರಕ ಹುಳಕ್ಕೆ ಹೊಡೆದ ಔಷಧ, ಕೊಯ್ಲು, ರಾಶಿ ಮಷೀನು, ಗಾಡಿ ಬಾಡಿಗೆ ಸೇರಿ ಎಡಪುಟ 50,000 ಆಯಿತು. ಫೀ, ಅಮ್ಮನ ಆಸ್ಪತ್ರೆ, ಚಿಕ್ಕಮ್ಮನ ಮದುವೆಯ ಆಹೇರಿ ಸೇರಿ ಬಲಪುಟ 40,000. ಎರಡಕ್ಕೂ ತಂದ ಸಾಲ 90,000. ಅದರ ಬಡ್ಡಿ 9,000. ಬಡ್ಡಿಯನ್ನೂ ಮುತ್ಯಾ ಹಂಚಿದರು: ಹೊಲಕ್ಕೆ 5,000, ಮನೆಗೆ 4,000. ಅಂದರೆ ಹೊಲದ ನಿಜವಾದ ಖರ್ಚು 55,000.

ಇನ್ನು ಆದಾಯ. ಎಕರೆಗೆ 4 ಕ್ವಿಂಟಲ್‌ನಂತೆ 16 ಕ್ವಿಂಟಲ್ ತೊಗರಿ ಬಂದಿತ್ತು. 15 ಕ್ವಿಂಟಲ್ ಮಾರಿದ್ದು, ಕ್ವಿಂಟಲ್‌ಗೆ 7,000ದಂತೆ 1,05,000. ಒಂದು ಕ್ವಿಂಟಲ್ ಮನೆಯ ಬೇಳೆಗೆ ಇಟ್ಟುಕೊಂಡೆವು. ಅದರ 7,000ವನ್ನೂ ಮುತ್ಯಾ ಹೊಲದ ಆದಾಯಕ್ಕೆ, ಮನೆಯ ಖರ್ಚಿಗೆ ಬರೆಸಿದರು. "ಹೊಲ ಕೊಟ್ಟಿದ್ದಕ್ಕ ಬ್ಯಾಳಿ ಕೊಳ್ಳೋದು ತಪ್ಪಿತಲ್ಲ!" ಎಂಬುದು ಅವರ ಮಾತು. ಒಟ್ಟು 1,12,000. ಖರ್ಚು ಕಳೆದರೆ ಹೊಲ ಉಳಿಸಿದ್ದು 57,000.

ಅಪ್ಪ ಬಹಳ ಹೊತ್ತು ಬುಕ್ ನೋಡಿದರು. ಹೊಲ ಸೋತಿರಲಿಲ್ಲ. ಅದು ತನ್ನ ಖರ್ಚು ತೀರಿಸಿ, ಮನೆಯ ಸಾಲವನ್ನೂ ತೀರಿಸಿತ್ತು.

ಆದರೂ ಲಾವಣಿಯ 32,000ಕ್ಕಿಂತ ಹೆಚ್ಚು ಬಂದದ್ದು 25,000. ಅಪ್ಪ, ಅಮ್ಮ ಕೂಡಿ 60 ದಿನ ಹೊಲದಲ್ಲಿ ದುಡಿದಿದ್ದರು. ಆ ಕೂಲಿಯನ್ನು ನಾವು ಎಲ್ಲಿಯೂ ಬರೆದಿರಲಿಲ್ಲ. ದಿನಕ್ಕೆ 300 ಹಿಡಿದರೂ 18,000. ಮಿಕ್ಕಿದ್ದು 7,000 ಮಾತ್ರ. ಅಲ್ಲದೆ ಮಳೆ ಕೈಕೊಟ್ಟು ಎಕರೆಗೆ ಎರಡೇ ಕ್ವಿಂಟಲ್ ಬಂದರೆ, ಅದೇ ದರಕ್ಕೆ ಬರುವುದು 56,000. ಖರ್ಚಿಗೂ ಅದಕ್ಕೂ ಹೆಚ್ಚುಕಡಿಮೆ ಸರಿಸಮ. ಲಾವಣಿಯ ದುಡ್ಡಾದರೆ ಬರಗಾಲದಲ್ಲೂ ಬರುತ್ತದೆ. ಇದನ್ನೂ ಮುತ್ಯಾ ಮುಚ್ಚಿಡಲಿಲ್ಲ. "ಒಂದು ವರ್ಷದ ಲೆಕ್ಕದ ಮ್ಯಾಲ ಹೊಲದ ಹಣಿಬರಹ ಬರಿಬ್ಯಾಡ. ಮೂರು ವರ್ಷ ಬರದು ನೋಡಮು" ಎಂದರು.

ಈ ವರ್ಷ ಹೊಲ ಲಾವಣಿಗೆ ಹೋಗಲಿಲ್ಲ. ಅಪ್ಪ ಆಡತ್ ಅಂಗಡಿಯಿಂದ ತರುತ್ತಿರುವುದು ಎಡಪುಟಕ್ಕೆ ಬೇಕಾದ ಸಾಲ ಮಾತ್ರ. ಫೀಗೆಂದು ಅಮ್ಮ ಹಾಲಿನ ದುಡ್ಡಿನಲ್ಲಿ ವಾರಕ್ಕಿಷ್ಟು ತೆಗೆದಿಡುತ್ತಿದ್ದಾರೆ. ನಿನ್ನೆ ಎರಡು ಚೀಲ ಡಿಎಪಿ ಬಂತು. ಉದ್ರಿ ಎಂದು ಎಡಪುಟದಲ್ಲಿ ಬರೆದಿದ್ದೇನೆ.